ಫೈನ್ ಕಟ್ಟಿದರೆ ಮುಗಿಯಿತು ಅನ್ನುವವರಿಗೆ

ಕಿವಿ ನಾಡಿನ ನರ್ಸಮ್ಮ – ಭಾಗ 14

ಕಳೆದ ಭಾಗದಲ್ಲಿ ಎನ್‌ಆರ್‌ಇ ಡಿಪಾಸಿಟ್ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. "ಅಯ್ಯೋ ಬಿಡಿ ಸಿಸ್ಟರ್, ರಿಟರ್ನ್ ಲೇಟಾದ್ರೆ ಐವತ್ತು ಡಾಲರ್ ಫೈನ್ ಅಷ್ಟೇ. ಒಂದು ಊಟದ ದುಡ್ಡು. ಕಟ್ಟಿದ್ರೆ ಮುಗೀತು." ಬರೆದವರಲ್ಲಿ ನನಗಿಂತ ಹತ್ತು ವರ್ಷ ಮೊದಲು ಇಲ್ಲಿಗೆ ಬಂದವರೂ ಇದ್ದಾರೆ. ಹೊಸದಾಗಿ ಬಂದ ಹುಡುಗಿಯರು ಅವರ ಮಾತನ್ನೇ ವೇದವಾಕ್ಯ ಎಂದುಕೊಳ್ಳುತ್ತಾರೆ. ಅದಕ್ಕೇ ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಅಕೌಂಟೆಂಟ್ ಅಲ್ಲ, ಓದಿದ್ದು ಬಿಎಸ್ಸಿ ನರ್ಸಿಂಗ್. ಆದರೆ ದಿನಾ ಎಂಟು ಗಂಟೆ ಮಿಲಿಗ್ರಾಂ, ಮಿಲಿಲೀಟರ್ ಲೆಕ್ಕ ಹಾಕಿ ಜನರ ರಕ್ತನಾಳಕ್ಕೆ ಔಷಧಿ ಬಿಡುವವರು ನಾವು. "ಸುಮಾರು ಇಷ್ಟಿರಬಹುದು" ಎಂದು ನಾವು ಯಾವ ಇಂಜೆಕ್ಷನ್ನನ್ನೂ ಕೊಡುವುದಿಲ್ಲ. ನಮ್ಮದೇ ದುಡ್ಡಿನ ವಿಷಯ ಬಂದಾಗ ಮಾತ್ರ ಯಾಕೆ ವಾಟ್ಸಾಪಿನ ಅಂದಾಜು ಸಾಕಾಗುತ್ತದೆ?

ಲೆಕ್ಕಕ್ಕೆ ಹೋಗುವ ಮೊದಲು, ನಮ್ಮಂಥ ಸಂಬಳದವರಿಗೆ ರಿಟರ್ನ್ ಎಂಬ ಪ್ರಶ್ನೆ ಬರುವುದೇ ಯಾಕೆ ಎಂದು ನೋಡೋಣ. ಇಲ್ಲಿ ಸಂಬಳ ಮಾತ್ರ ಇರುವವರು ಏನೂ ಮಾಡಬೇಕಿಲ್ಲ. ತೆರಿಗೆ ಪ್ರತಿ ಹದಿನೈದು ದಿನಕ್ಕೆ ಸಂಬಳದಲ್ಲೇ ಕಡಿತವಾಗುತ್ತದೆ, ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ ಐಆರ್‌ಡಿಯವರೇ ಲೆಕ್ಕ ಹಾಕಿ ಕಳಿಸುತ್ತಾರೆ. ಈ ಸುಖಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ತೆರಿಗೆ ಕಡಿತವಾಗದ ಬೇರೆ ಆದಾಯ ಇದ್ದವರು IR3 ಎಂಬ ರಿಟರ್ನನ್ನು ತಾವೇ ತುಂಬಬೇಕು ಎಂಬುದು ಮರೆತೇಹೋಗುತ್ತದೆ.

ನಮ್ಮಲ್ಲಿ ಬಹಳ ಜನರಿಗೆ ಆ ಬೇರೆ ಆದಾಯ ಊರಿನದು. ಹಾಸನದ ಮನೆಯ ಬಾಡಿಗೆ, ಮಂಗಳೂರಿನ ಬ್ಯಾಂಕಿನ ಡಿಪಾಸಿಟ್ ಬಡ್ಡಿ, ಹೀಗೆ. ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಈ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. 'ಟ್ರಾನ್ಸಿಷನಲ್ ರೆಸಿಡೆಂಟ್' ಎನ್ನುತ್ತಾರೆ, ಜೀವಮಾನದಲ್ಲಿ ಒಂದೇ ಸಲ ಸಿಗುವ ರಿಯಾಯಿತಿ. ನಾಲ್ಕು ವರ್ಷ ಮುಗಿದ ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಬಂದ ಆದಾಯವೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ನೀವೋ ನಿಮ್ಮ ಯಜಮಾನರೋ ಮಕ್ಕಳ ಹೆಸರಿನಲ್ಲಿ 'ವರ್ಕಿಂಗ್ ಫಾರ್ ಫ್ಯಾಮಿಲೀಸ್' ಸಹಾಯಧನಕ್ಕೆ ಅರ್ಜಿ ಹಾಕಿದರೆ ಆ ನಾಲ್ಕು ವರ್ಷದ ರಿಯಾಯಿತಿ ಅಲ್ಲಿಗೇ ಹೋಗುತ್ತದೆ. ಬಲಗೈಯಲ್ಲಿ ಬಂದ ಸಹಾಯಧನಕ್ಕೆ ಎಡಗೈಯಲ್ಲಿ ಏನು ಕಳೆದುಕೊಂಡೆವೆಂದು ಎಷ್ಟೋ ಮನೆಗಳಲ್ಲಿ ಈಗಲೂ ಗೊತ್ತಿಲ್ಲ.

ಎನ್‌ಆರ್‌ಇ ಡಿಪಾಸಿಟ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎನ್ನುವುದು ನಿಜ. "ಟ್ಯಾಕ್ಸ್ ಫ್ರೀ" ಎಂದು ಬ್ಯಾಂಕಿನವರು ಹೇಳಿದ್ದು ಭಾರತದ ಮಟ್ಟಿಗೆ ಮಾತ್ರ. ಅಲ್ಲಿ ತೆರಿಗೆ ಕಟ್ಟಿದ್ದರೆ ಇಲ್ಲಿ ಅದನ್ನು ಕಳೆದುಕೊಳ್ಳಲು ಏನಾದರೂ ಇರುತ್ತಿತ್ತು. ಅಲ್ಲಿ ಕಟ್ಟೇ ಇಲ್ಲದ ಕಾರಣ ಇಲ್ಲಿ ಪೂರ್ತಿ ಕಟ್ಟಬೇಕು.

ಈಗ ನನ್ನ ಸಹೋದ್ಯೋಗಿಯೊಬ್ಬಳ ಕಥೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾಳೆ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು, ಇಲ್ಲಿಯೂ ಅಕ್ಕ ಎಂದೇ ಇರಲಿ. 2018ರಲ್ಲಿ ಬಂದವಳು, ರಿಯಾಯಿತಿ 2022ಕ್ಕೆ ಮುಗಿದಿತ್ತು. ಮಾರ್ಚ್ 2024ಕ್ಕೆ ಮುಗಿದ ವರ್ಷದಲ್ಲಿ ನೈಟ್ ಡ್ಯೂಟಿ, ಓವರ್‌ಟೈಮ್ ಎಲ್ಲ ಸೇರಿ ಸಂಬಳ 1,02,300 ಡಾಲರ್. ಊರಿನ ಎನ್‌ಆರ್‌ಇ ಡಿಪಾಸಿಟ್ಟಿನಿಂದ ಎರಡು ಲಕ್ಷ ರೂಪಾಯಿ ಚಿಲ್ಲರೆ ಬಡ್ಡಿ, ಡಾಲರಿಗೆ ತಿರುಗಿಸಿದರೆ 4,200. ಸಂಬಳದ ತೆರಿಗೆ ಸರಿಯಾಗಿಯೇ ಕಡಿತವಾಗಿತ್ತು. ಉಳಿದದ್ದು ಈ 4,200ರ ಮೇಲಿನ ತೆರಿಗೆ ಮಾತ್ರ. ಅವಳ ಆದಾಯದ ಮೇಲ್ತುದಿ ಬೀಳುವುದು ಶೇಕಡಾ 33ರ ದರಕ್ಕೆ, ಹಾಗಾಗಿ 1,386 ಡಾಲರ್. ಅಸಲು ಬಾಕಿ ಇಷ್ಟೇ, ಇದನ್ನು ನೆನಪಿಟ್ಟುಕೊಳ್ಳಿ.

ಈ ಬಾಕಿಗೆ ಎರಡು ಗಡುವು ಇದ್ದವು. ನಮ್ಮವರು ಮೊದಲು ಎಡವುವುದೇ ಇಲ್ಲಿ, ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ರಿಟರ್ನ್ ಎಂಬ ಕಾಗದ ಕೊಡಬೇಕಾದದ್ದು ಜುಲೈ 7ಕ್ಕೆ. 2024ರಲ್ಲಿ ಅದು ಭಾನುವಾರ ಬಿದ್ದದ್ದರಿಂದ 8ರ ಸೋಮವಾರ. ದುಡ್ಡು ಕಟ್ಟಬೇಕಾದದ್ದು ಅದಾದ ಏಳು ತಿಂಗಳಿಗೆ, 2025ರ ಫೆಬ್ರವರಿ 7ಕ್ಕೆ, ಅಂದರೆ ವೈಟಾಂಗಿ ದಿನದ ರಜೆಯ ಮರುದಿನ. (ಟ್ಯಾಕ್ಸ್ ಏಜೆಂಟ್ ಮೂಲಕ ಹೋಗುವವರಿಗೆ ಎರಡೂ ಗಡುವು ಮುಂದಕ್ಕೆ ಹೋಗುತ್ತವೆ. ಅಕ್ಕನಿಗೆ ಏಜೆಂಟ್ ಇರಲಿಲ್ಲ.) ಕಾಗದ ತಡವಾದರೆ ಒಂದು ದಂಡ. ದುಡ್ಡು ತಡವಾದರೆ ಇನ್ನೊಂದು ದಂಡ, ಅದರ ಜೊತೆಗೆ ಬಡ್ಡಿ. ಮೂರಕ್ಕೂ ಬೇರೆ ಬೇರೆ ಗಡಿಯಾರ.

ಕಾಗದದ ದಂಡವೇ ನಿಮ್ಮ ಪ್ರಸಿದ್ಧ ಐವತ್ತು ಡಾಲರ್. ಅದು ವರ್ಷದ ನಿವ್ವಳ ಆದಾಯ ಒಂದು ಲಕ್ಷ ಡಾಲರಿಗಿಂತ ಕಡಿಮೆ ಇದ್ದವರಿಗೆ. ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ 250, ಅದರ ಮೇಲೆ 500. ಇಲ್ಲಿ ನೋಡುವುದು ಊರಿನ ಬಡ್ಡಿಯನ್ನಲ್ಲ, ಸಂಬಳವೂ ಸೇರಿದ ಒಟ್ಟು ಆದಾಯವನ್ನು. ಹಿರಿಯ ಮೆಟ್ಟಿಲಿನ ನರ್ಸಿಗೆ ನೈಟು, ವೀಕೆಂಡು ಸೇರಿದರೆ ಒಂದು ಲಕ್ಷ ದಾಟುವುದು ಈಗ ದೊಡ್ಡ ಮಾತಲ್ಲ. ಹತ್ತು ವರ್ಷದ ಹಿಂದಿನ ಸಂಬಳದಲ್ಲಿ ಕೇಳಿದ ಐವತ್ತನ್ನು ಇವತ್ತಿಗೂ ಹೇಳುತ್ತಿದ್ದೀರಲ್ಲ, ನಿಮ್ಮ ಪೇ ಸ್ಲಿಪ್ ಒಮ್ಮೆ ನೋಡಿ. ಅಕ್ಕನಿಗೆ ಬಿದ್ದದ್ದು 250.

ಈ ದಂಡ ಸುಮ್ಮನೆ ತಲೆಯ ಮೇಲೆ ಬೀಳುವುದಿಲ್ಲ. ಮೊದಲು, ಇಂಥ ದಿನದೊಳಗೆ ಕೊಡಿ, ಇಲ್ಲದಿದ್ದರೆ ದಂಡ ಎಂದು ಎಚ್ಚರಿಕೆ ಬರುತ್ತದೆ. ಅಂದರೆ ಜುಲೈ ತಪ್ಪಿಸಿಕೊಂಡವರಿಗೂ ಒಂದು ಬಾಗಿಲು ತೆರೆದಿರುತ್ತದೆ. ಅಕ್ಕನಿಗೆ ಆ ಪತ್ರ ಬಂದದ್ದು myIR ಒಳಗೆ. ಇಮೇಲಿನಲ್ಲಿ ಬಂದದ್ದು "ನಿಮಗೊಂದು ಪತ್ರ ಇದೆ" ಎಂಬ ಸೂಚನೆ ಮಾತ್ರ. ಅವಳು ಮೂರು ನೈಟ್ ಮುಗಿಸಿ ಮಲಗಿದ್ದವಳು, ಆಮೇಲೆ ನೋಡೋಣ ಎಂದು ಬಿಟ್ಟಳು. ದಂಡದ ಪತ್ರ ಬಂದಾಗ ಗಾಬರಿಯಾಗಿ ಅದೇ ದಿನ 250 ಡಾಲರ್ ಕಟ್ಟಿದಳು.

ಕಟ್ಟಿ ಸುಮ್ಮನಾದಳು. ರಿಟರ್ನ್ ಹಾಕಲೇ ಇಲ್ಲ!

ಯಾಕಕ್ಕಾ ಎಂದು ಕೇಳಿದರೆ ಅವಳು ಹೇಳಿದ್ದು ನಿಮ್ಮದೇ ಮಾತು. "ಫೈನ್ ಕಟ್ಟಿದ್ನಲ್ಲೇ, ಮುಗೀತು ಅಂದ್ಕೊಂಡೆ." ಹೆಲ್ಮೆಟ್ ಇಲ್ಲದೆ ಹಿಡಿದ ಪೊಲೀಸಿಗೆ ದಂಡ ಕೊಟ್ಟರೆ ಆ ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಇದು ಹಾಗಲ್ಲ. ಈ ದಂಡ ಕಾಗದ ಕೊಡದ್ದಕ್ಕೆ, ಕಾಗದಕ್ಕೆ ಬದಲಾಗಿ ಅಲ್ಲ. ದಂಡ ಕಟ್ಟಿದ ಮೇಲೂ ರಿಟರ್ನ್ ಬಾಕಿ, ತೆರಿಗೆ ಬಾಕಿ. ಹಿರಿಯರೇ, ನೀವು ಹಂಚುವ ಆ ಒಂದು ಸಾಲಿನ ಉಪದೇಶ ಒಬ್ಬ ಹೆಂಗಸಿಗೆ ಇಷ್ಟು ಅರ್ಥ ಮಾಡಿಸಿತ್ತು.

ಫೆಬ್ರವರಿ 7 ಬಂತು, ಹೋಯಿತು. ಎರಡನೇ ಗಡಿಯಾರ ಶುರುವಾಯಿತು. ಗಡುವಿನ ಮರುದಿನ ಬಾಕಿಯ ಮೇಲೆ ಶೇಕಡಾ 1, ಅಂದರೆ 13 ಡಾಲರ್ 86 ಸೆಂಟು. ಏಳನೇ ದಿನದ ಕೊನೆಗೂ ಕಟ್ಟದಿದ್ದರೆ ಇನ್ನೂ ಶೇಕಡಾ 4, ಅದೂ ಮೊದಲಿನ ದಂಡ ಸೇರಿಸಿದ ಮೊತ್ತದ ಮೇಲೆ. 1,399.86ರ ಶೇಕಡಾ 4 ಎಂದರೆ 55.99. ಎರಡೂ ಸೇರಿ 69 ಡಾಲರ್ 85 ಸೆಂಟು. ಒಂದೇ ವಾರದಲ್ಲಿ ಅಸಲಿನ ಶೇಕಡಾ 5ಕ್ಕೂ ಸ್ವಲ್ಪ ಜಾಸ್ತಿ. ಆದಾಯ ತೆರಿಗೆಗೆ ಅಲ್ಲಿಗೆ ಈ ದಂಡ ನಿಲ್ಲುತ್ತದೆ. ತಿಂಗಳು ತಿಂಗಳೂ ಶೇಕಡಾ 1 ಏರುತ್ತದೆ ಎಂದು ಹೆದರಿಸುವವರೂ ನಮ್ಮ ಗುಂಪಿನಲ್ಲಿದ್ದಾರೆ. ಅದು ಹಳೆಯ ನಿಯಮ, ತೆಗೆದುಹಾಕಿ ವರ್ಷಗಳಾದವು. ಸುಳ್ಳು ಧೈರ್ಯ ಎಷ್ಟು ಕೆಟ್ಟದ್ದೋ ಸುಳ್ಳು ಭಯವೂ ಅಷ್ಟೇ ಕೆಟ್ಟದ್ದು. ತಿಂಗಳ ದಂಡಕ್ಕೆ ಹೆದರಿ myIR ತೆರೆಯುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎರಡು ವರ್ಷದಲ್ಲಿ ಮೊದಲ ಸಲ ದುಡ್ಡು ತಡ ಮಾಡಿದವರಿಗೆ ಈ ದಂಡ ನೇರವಾಗಿ ಹಾಕುವುದಿಲ್ಲ. ಪತ್ರ ಬರೆದು ಹೊಸ ದಿನಾಂಕ ಕೊಡುತ್ತಾರೆ, ಅಷ್ಟರೊಳಗೆ ಕಟ್ಟಿದರೆ ಈ ಶೇಕಡಾ 5 ಇಲ್ಲ. ಅಕ್ಕ ಅದನ್ನು ಹಿಂದಿನ ವರ್ಷವೇ ಬಳಸಿಕೊಂಡಿದ್ದಳು. ಆಗ ತಡವಾಗಿ ಕಟ್ಟಿದ್ದರೂ ದಂಡ ಬೀಳಲಿಲ್ಲವಲ್ಲ, "ಇವರು ಏನೂ ಮಾಡಲ್ಲ ಕಣೇ" ಎಂದು ನನಗೂ ಹೇಳಿದ್ದಳು. ಒಂದು ಸಲ ಕೊಟ್ಟ ರಿಯಾಯಿತಿಯನ್ನು ಪ್ರತಿ ವರ್ಷದ ನಿಯಮ ಎಂದುಕೊಂಡಳು. ನಿಮ್ಮಲ್ಲಿ "ನನಗೆ ದಂಡವೇ ಬಿದ್ದಿಲ್ಲ" ಎಂದು ಎದೆ ತಟ್ಟಿಕೊಳ್ಳುವವರಲ್ಲಿ ಬಹುಪಾಲು ಈ ಮೊದಲ ಸಲದವರೇ ಎಂದು ನನ್ನ ಗುಮಾನಿ.

ಮೂರನೆಯದು ಬಡ್ಡಿ. ಇದಕ್ಕೆ ಎಚ್ಚರಿಕೆ ಪತ್ರವೂ ಇಲ್ಲ, ಮೊದಲ ಸಲದ ಮಾಫಿಯೂ ಇಲ್ಲ. ಬಾಕಿ 100 ಡಾಲರ್ ದಾಟಿದ್ದರೆ ಗಡುವಿನ ಮರುದಿನದಿಂದ ಕಟ್ಟುವ ದಿನದವರೆಗೆ ದಿನದ ಲೆಕ್ಕದಲ್ಲಿ ಓಡುತ್ತದೆ. ನೀವು ರಿಟರ್ನ್ ಯಾವಾಗ ಹಾಕಿದಿರಿ, ಬಿಲ್ಲು ಯಾವಾಗ ಬಂತು ಎಂಬುದು ಅದಕ್ಕೆ ಬೇಕಿಲ್ಲ. ಅಕ್ಕ ನನ್ನ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದದ್ದು 2025ರ ಆಗಸ್ಟ್ 29ರ ಶುಕ್ರವಾರ. ನಾವಿಬ್ಬರೂ ಕುಳಿತು ಮಾಡಿದ ಲೆಕ್ಕ ಹೀಗಿತ್ತು.

ಬಡ್ಡಿಯ ದರ ಆಗಾಗ ಬದಲಾಗುತ್ತದೆ. ಫೆಬ್ರವರಿಯಲ್ಲಿ ವರ್ಷಕ್ಕೆ ಶೇಕಡಾ 10.88 ಇತ್ತು, ಮೇ 8ರಿಂದ 9.89ಕ್ಕೆ ಇಳಿಯಿತು. ಹಾಗಾಗಿ ಎರಡು ತುಂಡು ಮಾಡಬೇಕು. ಫೆಬ್ರವರಿ 8ರಿಂದ ಮೇ 7ರವರೆಗೆ 89 ದಿನ, ಮೇ 8ರಿಂದ ಆಗಸ್ಟ್ 29ರವರೆಗೆ 114 ದಿನ.

```
1386 x 10.88% x  89/365 = 36.77
1386 x  9.89% x 114/365 = 42.81
                  total = 79.58
```

ಇದು ಸರಳ ಬಡ್ಡಿ, ಅಸಲು ತೆರಿಗೆಯ ಮೇಲೆ ಮಾತ್ರ ಹಾಕಿದ್ದು. ನಿಮ್ಮ myIR ತೋರಿಸುವ ಮೊತ್ತ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಕಟ್ಟುವಾಗ ಅಲ್ಲಿರುವುದನ್ನೇ ಕಟ್ಟಿ. ಆದರೆ ಕೈಲೆಕ್ಕ ಮಾಡಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಅಲ್ಲಿ 79ರ ಬದಲು 300 ಕಂಡರೆ ಯಾವುದೋ ಹಳೆಯ ವರ್ಷದ ಬಾಕಿಯೂ ಸೇರಿದೆ ಎಂದು ಹುಡುಕಬಹುದು.

ಅಸಲು 1,386. ಕಾಗದದ ದಂಡ 250, ದುಡ್ಡಿನ ದಂಡ 69.85, ಬಡ್ಡಿ 79.58. ಮೇಲಿನದೆಲ್ಲ ಸೇರಿ 399 ಡಾಲರ್ 43 ಸೆಂಟು. ಒಟ್ಟು ಕೈಬಿಟ್ಟದ್ದು 1,785 ಡಾಲರ್ 43 ಸೆಂಟು. ನಿಮ್ಮ ಐವತ್ತು ಡಾಲರಿನ ಊಟ ಎಂಟು ಜನರ ಊಟವಾಯಿತು, ಅವಳೊಬ್ಬಳ ಎಲೆಗೆ.

"ಬರೀ ನಾನೂರು ಡಾಲರ್ ತಾನೇ, ಒಂದು ಓವರ್‌ಟೈಮ್ ಶಿಫ್ಟ್ ಮಾಡಿದ್ರೆ ಬರುತ್ತೆ" ಎಂದು ಯಾರಾದರೂ ಕೆಳಗೆ ಬರೆಯುತ್ತೀರಿ, ಗೊತ್ತು. ಸರಿ, ಆ ಶಿಫ್ಟ್ ಮಾಡಿ ದುಡಿದದ್ದಕ್ಕೂ ಮೂರನೇ ಒಂದು ಭಾಗ ತೆರಿಗೆ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದು ಒಂದು ವರ್ಷದ್ದು ಮಾತ್ರ ಎಂಬುದನ್ನೂ.

ಈ 399ರಲ್ಲಿ ಯಾವುದನ್ನು ತಪ್ಪಿಸಬಹುದಿತ್ತು? ಅಕ್ಕನ ಹತ್ತಿರ ಆ ಫೆಬ್ರವರಿಯಲ್ಲಿ 1,386 ಡಾಲರ್ ಇರಲಿಲ್ಲ, ಊರಲ್ಲಿ ಅಪ್ಪನ ಆಪರೇಷನ್‌ಗೆ ಕಳಿಸಿದ್ದಳು. "ದುಡ್ಡೇ ಇಲ್ಲ, ರಿಟರ್ನ್ ಹಾಕಿ ಏನು ಮಾಡ್ಲಿ" ಎಂಬುದು ಅವಳ ಇನ್ನೊಂದು ವಾದ. ಇದಕ್ಕಿಂತ ದುಬಾರಿಯಾದ ವಾದ ಇನ್ನೊಂದಿಲ್ಲ. ರಿಟರ್ನ್ ಹಾಕಲು ಒಂದು ಪೈಸೆಯೂ ಬೇಡ, ದುಡ್ಡು ಏಳು ತಿಂಗಳ ನಂತರದ ಮಾತು. ಕಾಗದವನ್ನು ಜುಲೈನಲ್ಲೇ ಕೊಟ್ಟಿದ್ದರೆ ಆ 250 ಪೂರ್ತಿ ಉಳಿಯುತ್ತಿತ್ತು, ಎಷ್ಟು ಕಟ್ಟಬೇಕೆಂದು ಏಳು ತಿಂಗಳು ಮುಂಚೆಯೇ ಗೊತ್ತಾಗುತ್ತಿತ್ತು. ಫೆಬ್ರವರಿ 7ಕ್ಕೆ ಮೊದಲೇ ಐಆರ್‌ಡಿ ಜೊತೆ ಕಂತಿನ ಒಪ್ಪಂದ ಮಾಡಿಕೊಂಡಿದ್ದರೆ ಆ ಶೇಕಡಾ 4ರ ದಂಡವೂ ಬೀಳುತ್ತಿರಲಿಲ್ಲ. ಉಳಿಯುತ್ತಿದ್ದದ್ದು ಶೇಕಡಾ 1 ಮತ್ತು ಬಡ್ಡಿ. ಹತ್ತು ಮುಖ್ಯ ಅಂಕಿಗಳಲ್ಲಿ ಮುಗಿಯುವ ಫಾರಂ ಅದು.

ಬಡ್ಡಿಯ ವಿಷಯಕ್ಕೆ ಊರಿನ ಅಭ್ಯಾಸ ಇಲ್ಲಿಗೆ ತರಬೇಡಿ. ಭಾರತದ ಆದಾಯ ತೆರಿಗೆಯಲ್ಲಿ ತಡವಾದ ರಿಟರ್ನಿಗೆ ಬಡ್ಡಿ ತಿಂಗಳಿಗೆ ಶೇಕಡಾ 1, ಒಂದು ದಿನ ದಾಟಿದರೂ ಇಡೀ ತಿಂಗಳು ಎಂದೇ ಲೆಕ್ಕ. ಹಾಗಾಗಿ ಅಲ್ಲಿ "ಹೇಗೂ ಈ ತಿಂಗಳದ್ದು ಹೋಯ್ತು, ಕೊನೇ ದಿನ ಕಟ್ಟೋಣ" ಎಂಬ ಜಾಣತನ ನಡೆಯುತ್ತದೆ. ಇಲ್ಲಿ ದಿನದ ಲೆಕ್ಕ. ಅಕ್ಕನ ಬಾಕಿಗೆ ಆಗಸ್ಟಿನಲ್ಲಿ ದಿನಕ್ಕೆ ಸುಮಾರು 38 ಸೆಂಟು. ಅರ್ಧ ದುಡ್ಡು ಇದ್ದರೆ ಅರ್ಧವನ್ನೇ ಇವತ್ತು ಕಟ್ಟಿ, ನಾಳೆಯಿಂದ ಬಡ್ಡಿಯೂ ಅರ್ಧ.

ಈ ನಿಯಮಗಳೆಲ್ಲ ನ್ಯಾಯವಾಗಿವೆ ಎಂದು ನಾನು ವಕಾಲತ್ತು ವಹಿಸುತ್ತಿಲ್ಲ. ಒಂದು ಲಕ್ಷ ಎರಡು ಸಾವಿರ ದುಡಿಯುವ ನರ್ಸಿಗೂ 250, ಒಂಬತ್ತು ಲಕ್ಷ ತೊಂಬತ್ತು ಸಾವಿರ ಬರುವ ಧಣಿಗೂ 250. ಇದು ಯಾವ ಸೀಮೆ ನ್ಯಾಯ? ಬಾಕಿ ತೆರಿಗೆ ನೂರು ಇದ್ದರೂ ಅಷ್ಟೇ, ಲಕ್ಷ ಇದ್ದರೂ ಅಷ್ಟೇ. ನಾವು ಕಟ್ಟಬೇಕಾದಾಗ 10.88 ಕೇಳುವ ಸರ್ಕಾರ, ನಾವು ಜಾಸ್ತಿ ಕಟ್ಟಿದ್ದಕ್ಕೆ ಅದೇ ಅವಧಿಯಲ್ಲಿ ಕೊಡುತ್ತಿದ್ದದ್ದು 4.30. ಪಾರ್ಲಿಮೆಂಟ್ ಸದಸ್ಯರಿಗೆ ಬರೆಯುವುದಿದ್ದರೆ ಇದನ್ನು ಬರೆಯೋಣ, ಮೊದಲ ಸಹಿ ನನ್ನದು. ಆದರೆ ನಿಯಮ ಸರಿಯಿಲ್ಲ ಎಂಬುದು ಲೆಕ್ಕ ತಪ್ಪಾಗಿ ಹೇಳಲು ಕಾರಣವಲ್ಲ.

ಕೊನೆಗೆ ಬರುವ ವಾದ, ಎಲ್ಲರೂ ದನಿ ತಗ್ಗಿಸಿ ಹೇಳುವುದು: "ಊರಿನ ಬ್ಯಾಂಕಲ್ಲಿರೋದು ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ?" ಗೊತ್ತಾಗುತ್ತದೆ. ದೇಶಗಳ ತೆರಿಗೆ ಇಲಾಖೆಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಒಬ್ಬರಿಗೊಬ್ಬರು ತಾವಾಗಿಯೇ ಕಳಿಸಿಕೊಳ್ಳುವ ಒಪ್ಪಂದವಿದೆ. ಭಾರತ 2017ರಿಂದ, ನ್ಯೂಜಿಲೆಂಡ್ 2018ರಿಂದ ಅದರಲ್ಲಿವೆ. ಎನ್‌ಆರ್‌ಇ ಖಾತೆ ತೆರೆಯುವಾಗ 'ತೆರಿಗೆಗಾಗಿ ಯಾವ ದೇಶದ ನಿವಾಸಿ' ಎಂಬ ಕಾಲಂನಲ್ಲಿ ನ್ಯೂಜಿಲೆಂಡ್ ಎಂದು ಬರೆದು ಸಹಿ ಹಾಕಿದವರು ನಾವೇ. ಆ ಫಾರಂ ಯಾಕೆ ಕೇಳಿದರು ಅಂದುಕೊಂಡಿರಿ?

ಅವರಾಗಿ ಹುಡುಕಿ ಪತ್ರ ಬರೆದ ಮೇಲೆ ಲೆಕ್ಕವೇ ಬೇರೆ. ಮೇಲಿನ ಮೂರರ ಜೊತೆ, ಆದಾಯ ತೋರಿಸದ್ದಕ್ಕೆ ಪ್ರತ್ಯೇಕ ದಂಡ ಸೇರುತ್ತದೆ. ಅಜಾಗ್ರತೆ ಎಂದು ಕಂಡರೆ ಕಡಿಮೆ ತೋರಿಸಿದ ತೆರಿಗೆಯ ಶೇಕಡಾ 20ರಿಂದ ಶುರು, ಬೇಕೆಂದೇ ಮುಚ್ಚಿಟ್ಟದ್ದು ಎಂದರೆ ಶೇಕಡಾ 150ರವರೆಗೆ. ಅಕ್ಕನ 1,386ಕ್ಕೆ 20 ಎಂದರೆ 277, 150 ಎಂದರೆ 2,079. ಅವರು ಕೇಳುವ ಮೊದಲೇ ನಾವಾಗಿ ಹೋಗಿ ಹೇಳಿದರೆ ಅಜಾಗ್ರತೆಯ ಆ 20 ಪೂರ್ತಿ ಬಿಡುತ್ತಾರೆ, ಉಳಿದವುಗಳಲ್ಲಿಯೂ ಬಹುಪಾಲು ಕಡಿತವಾಗುತ್ತದೆ. ಬಡ್ಡಿ ಮಾತ್ರ ಬಿಡುವುದಿಲ್ಲ. "ಗೊತ್ತಾಗಲ್ಲ ಬಿಡು" ಎಂದು ಕಿರಿಯರಿಗೆ ಹೇಳುವವರು ಈ 0 ಮತ್ತು 2,079ರ ನಡುವಿನ ವ್ಯತ್ಯಾಸವನ್ನು ನಾಳೆ ಅವರ ಪರವಾಗಿ ಕಟ್ಟಿಕೊಡುತ್ತೀರಾ?

ಆ ಶುಕ್ರವಾರ ಸಂಜೆ ಅಕ್ಕ 2024ರ ರಿಟರ್ನ್ ಹಾಕಿ, ಕಟ್ಟಬೇಕಾದದ್ದನ್ನು ಕಟ್ಟಿದಳು. ಚಹಾ ಮುಗಿಸಿ ಹೊರಡಲು ಎದ್ದಾಗ ನಾನು ಕೇಳಿದೆ, "ಮಾರ್ಚ್ 2025ಕ್ಕೆ ಮುಗಿದ ವರ್ಷದ್ದು?" ಅದರ ಗಡುವು ಜುಲೈ 7, ಅದೂ ದಾಟಿ ಏಳು ವಾರವಾಗಿತ್ತು. ಮುಖ ಸಪ್ಪಗಾಯಿತು. myIR ಒಳಗಿನ ಪತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಆ ವರ್ಷದ ಎಚ್ಚರಿಕೆ ಪತ್ರ ಇನ್ನೂ ಬಂದಿರಲಿಲ್ಲ, ಅಂದರೆ ಕಾಗದದ ದಂಡ ಇನ್ನೂ ಬಿದ್ದಿರಲಿಲ್ಲ. ದುಡ್ಡಿನ ಗಡುವು 2026ರ ಫೆಬ್ರವರಿ 7, ಅದು ಶನಿವಾರವಾದ್ದರಿಂದ 9ರ ಸೋಮವಾರ. ಅಷ್ಟು ಹೊತ್ತಿಗೆ ಐದು ತಿಂಗಳ ಸಂಬಳ ಬಂದಿರುತ್ತದೆ. ಮತ್ತೆ ಕುಳಿತಳು. ಊರಿನ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟನ್ನು ತಮ್ಮನಿಗೆ ಹೇಳಿ ವಾಟ್ಸಾಪಿನಲ್ಲಿ ತರಿಸಿಕೊಂಡು, ರಾತ್ರಿ ಒಂಬತ್ತೂವರೆಗೆ ಅದನ್ನೂ ಹಾಕಿಯೇ ಎದ್ದಳು.

ಮುಂದಿನ ಭಾಗದಲ್ಲಿ ಊರಿನ ಮನೆ ಬಾಡಿಗೆ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳುವುದು ಹೇಗೆ ಎಂದು ಕೇಳಿದವರು ಬಾಡಿಗೆ ಕರಾರು, ಭಾರತದ ರಿಟರ್ನಿನ ಪ್ರತಿ ಎರಡನ್ನೂ ಹುಡುಕಿಟ್ಟುಕೊಳ್ಳಿ.